ವಿಮೆಯ ಮುಡಿಪು

ಮುಡಿಪು ಎಂದರೆ ಏನು ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೇವರಿಗೆ ಹರಕೆ ಹೊತ್ತು, ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯಲ್ಲಿ ಕಾಸು ಕಟ್ಟಿ, ದೇವರ ಪಟದ ಹಿಂದೆ ಇಟ್ಟರೆ ಮುಗಿಯಿತು. ಆಮೇಲೆ ಮನೆಯಲ್ಲಿ ಉಪ್ಪು ತರಲು ಕಾಸಿಲ್ಲದಿದ್ದರೂ ಆ ಗಂಟಿನ ಮೇಲೆ ಕೈಹಾಕುವವರಿಲ್ಲ. ಅರಸೀಕೆರೆಯ ರೈಲ್ವೆ ಗೇಟಿನಾಚೆ ಎರಡು ಕೋಣೆಯ ಮನೆಯಲ್ಲಿದ್ದ ಕೆಂಪಲಕ್ಷ್ಮಮ್ಮ ಈ ಭಯವನ್ನೇ ಕಾವಲಿಗೆ ಇಟ್ಟುಕೊಂಡಳು. ಇಟ್ಟುಕೊಂಡದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವಳ ಗಂಡ ಚಿಕ್ಕಬೀರಯ್ಯ ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಅವಳು ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೂಲಿ. ಇಬ್ಬರ ದುಡಿಮೆ ತಿಂಗಳ ಸಂಸಾರಕ್ಕೆ ಹೇಗೋ ಸಾಲುತ್ತಿತ್ತು. ಅವರನ್ನು ಹಣ್ಣು ಮಾಡುತ್ತಿದ್ದುದು ತಿಂಗಳ ಖರ್ಚಲ್ಲ, ವರ್ಷಕ್ಕೊಂದು ಸಲ ಬರುವ ಖರ್ಚು. ಏಪ್ರಿಲ್‌ನಲ್ಲಿ ಗಂಡನ ಜೀವವಿಮೆಯ ಕಂತು ಎರಡು ಸಾವಿರದ ಆರುನೂರ ನಲವತ್ತು. ಜೂನ್‌ನಲ್ಲಿ ಮಗಳು ಭವ್ಯಾಳ ಇಂಗ್ಲಿಷ್ ಸ್ಕೂಲಿನ ಫೀಜು ಮೂರು ಸಾವಿರ. ಗೌರಿ, ದೀಪಾವಳಿ, ಯುಗಾದಿಗೆ ಬಟ್ಟೆಬರೆ, ಬೆಲ್ಲ ಬೇಳೆ. ಇವೆಲ್ಲ ಬರುತ್ತವೆಂದು ವರ್ಷವಿಡೀ ಗೊತ್ತಿದ್ದರೂ ಬಂದ ದಿನ ಇಬ್ಬರೂ ಆಕಾಶ ನೋಡುತ್ತಿದ್ದರು. ವಿಮೆಯ ಎರಡನೇ ಕಂತು ಕಟ್ಟಲು ಅವಳ ಕಿವಿಯ ಓಲೆ ಬಡ್ಡಿ ಲಕ್ಕಪ್ಪನ ಪೆಟ್ಟಿಗೆ ಸೇರಿತು. ಹೋದದ್ದು ಹೋಯಿತು, ವಾಪಸ್ಸು ಬರಲಿಲ್ಲ.

ಆ ಸಲ ರಸೀದಿ ಕೊಡಲು ಬಂದ ವಿಮೆ ಏಜೆಂಟ್ ಉಮಾಶಂಕರ್ ಅವಳ ಬೋಳು ಕಿವಿ ನೋಡಿ ಒಂದು ಉಪಾಯ ಹೇಳಿದ. ಇಂಥ ದಿನ ಇಷ್ಟು ಬೇಕು ಎಂದು ಗೊತ್ತಿರುವ ಖರ್ಚನ್ನು ಹನ್ನೆರಡು ಪಾಲು ಮಾಡಿ, ತಿಂಗಳಿಗೊಂದು ಪಾಲು ಸಂಬಳದ ದಿನವೇ ಎತ್ತಿಡಬೇಕಂತೆ. ಖರ್ಚಿಗೆ ನಾಲ್ಕೇ ತಿಂಗಳು ಉಳಿದಿದ್ದರೆ ಆ ವರ್ಷಕ್ಕೆ ನಾಲ್ಕೇ ಪಾಲು, ಅದು ಕೈಗೆ ಮೀರಿದರೆ ಖರ್ಚನ್ನೇ ಕುಗ್ಗಿಸಬೇಕಂತೆ. ಒಂದರ ದುಡ್ಡು ಇನ್ನೊಂದಕ್ಕೆ ಬೆರೆಯಬಾರದಂತೆ. ಕೆಂಪಲಕ್ಷ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು, ಲೆಕ್ಕ ಮಾತ್ರ ಬಾಯಲ್ಲೇ. ವಿಮೆಗೆ ತಿಂಗಳಿಗೆ ಇನ್ನೂರ ಇಪ್ಪತ್ತು, ಸ್ಕೂಲಿಗೆ ಇನ್ನೂರೈವತ್ತು, ಹಬ್ಬಕ್ಕೆ ನೂರೈವತ್ತು ಎಂದು ಅಲ್ಲೇ ಹೇಳಿಬಿಟ್ಟಳು.

ಮೊದಲು ಮೂರು ಡಬ್ಬಿ ಇಟ್ಟಳು. ಡಬ್ಬಿಯ ಆಯುಸ್ಸು ಒಂದೂವರೆ ತಿಂಗಳು. ಚಿಕ್ಕಬೀರಯ್ಯ ಕುಡುಕನಲ್ಲ, ಕೆಟ್ಟವನೂ ಅಲ್ಲ. ಆದರೆ ಸ್ಕೂಲ್ ಫೀಜಿಗೆ ಇನ್ನೂ ಹತ್ತು ತಿಂಗಳಿದೆಯಲ್ಲ ಎನ್ನುವ ಜಾತಿ. ಕಂಡಕ್ಟರ್ ನಂಜಪ್ಪನ ತಂಗಿಯ ಮದುವೆಗೆ ಮುಯ್ಯಿ ಎಂದು ನೂರು, ಬಸ್ಸಿನ ಹುಡುಗನ ಕೈ ಮುರಿಯಿತೆಂದು ಎಂಬತ್ತು, ಹೀಗೇ ಡಬ್ಬಿ ಬರಿದಾಯಿತು. ಕೇಳಿದರೆ ಹಾಕ್ತೀನಿ ಬಿಡೇ ಎಂದು ನಗುತ್ತಿದ್ದ. ಪೋಸ್ಟಾಫೀಸಿನಲ್ಲಿ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಡಬಹುದಿತ್ತು. ದಿನಗೂಲಿ ಬಿಟ್ಟು ಅಲ್ಲಿ ಹೋಗಿ ನಿಲ್ಲಬೇಕು, ಕೌಂಟರಿನವರು ಏನೋ ಕೇಳಿದರೆ ಉತ್ತರ ಹೇಳಬೇಕು. ಅವಳಿಗೆ ಅಂಜಿಕೆ.

ಒಂದು ಸಂಜೆ ಹಳೆಯ ಪಂಚೆಯನ್ನು ಮೂರು ತುಂಡು ಮಾಡಿ ಅರಿಸಿನದಲ್ಲಿ ಅದ್ದಿದಳು. ವಿಮೆಯ ಗಂಟಿನಲ್ಲಿ ದುಡ್ಡಿನ ಜೊತೆ ಒಂದು ಬಟ್ಟಲಡಿಕೆ, ಸ್ಕೂಲಿನದರಲ್ಲಿ ಅರಿಸಿನದ ಕೊಂಬು, ಹಬ್ಬದ್ದರಲ್ಲಿ ಏನೂ ಇಲ್ಲ. ಮುಟ್ಟಿ ನೋಡಿದರೆ ಅವಳಿಗೆ ಯಾವುದು ಯಾವುದೆಂದು ತಿಳಿಯಬೇಕು, ಅಷ್ಟೇ. ಬೆಟ್ಟದ ಸಿದ್ದಪ್ಪನ ಪಟದ ಹಿಂದೆ ಇಟ್ಟು, ಕೇಳಿದವರಿಗೆ ಸಿದ್ದಪ್ಪನ ಮುಡಿಪು ಎಂದಳು. ಗಂಡ ಯಾವುದಕ್ಕೆ ಹರಕೆ ಎಂದು ಕೇಳಿದ. ಮನೆಗೆ ಒಳ್ಳೇದಾಗ್ಲಿ ಅಂತ ಎಂದಳು. ಪುಣ್ಯಾತ್ಮ ಅವತ್ತಿನಿಂದ ಡ್ಯೂಟಿಗೆ ಹೋಗುವಾಗ ಆ ಗಂಟುಗಳಿಗೇ ಕೈಮುಗಿದು ಹೋಗತೊಡಗಿದ. ಅವನ ಬೆನ್ನ ಹಿಂದೆ ಇವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಅತ್ತೆ ಮುದ್ದಮ್ಮ ನಗುವ ಪೈಕಿ ಅಲ್ಲ. ಮುದುಕಿ ದಿನಾ ದೀಪ ಹಚ್ಚುವಾಗ ಗಂಟುಗಳನ್ನು ನೋಡುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಮ್ಮೆ, ಮುಡಿಪು ಯಾವಾಗ ಒಪ್ಪಿಸ್ತೀಯಾ ಎಂದು ಕೇಳಿದಳು. ಮುಂದಿನ ಹುಣ್ಣಿಮೆಗೆ ಎಂದು ಸೊಸೆ ಜಾರಿಕೊಂಡಳು. ಆ ಮೇಲೂ ಹುಣ್ಣಿಮೆಗಳು ಬಂದವು. ಪ್ರತಿ ಸಲವೂ ಮುದುಕಿ ಕೇಳುವುದು, ಇವಳು ಮುಂದಿನದಕ್ಕೆ ಎನ್ನುವುದು. ಹರಕೆ ಹೊತ್ತು ತೀರಿಸದಿದ್ದರೆ ದೇವರು ಬಂದು ಕೇಳುತ್ತಾನೆ ಎಂದು ಮುದುಕಿ ತನ್ನಷ್ಟಕ್ಕೆ ಗೊಣಗುವುದು ಕಿವಿಗೆ ಬೀಳುತ್ತಿತ್ತು. ಗೊಣಗಿಕೊಳ್ಳಲಿ ಬಿಡು ಎಂದುಕೊಂಡಳು ಕೆಂಪಲಕ್ಷ್ಮಮ್ಮ. ಅಲ್ಲಿಯೇ ಅವಳು ಎಡವಿದ್ದು. ಸುಳ್ಳು ಹೇಳಿದ್ದರಲ್ಲಿ ಅಲ್ಲ, ಆ ಸುಳ್ಳನ್ನು ನಂಬಿದವರ ಗತಿ ಏನು ಎಂದು ಯೋಚಿಸದೆ ಬಿಟ್ಟದ್ದರಲ್ಲಿ.

ಇಸವಿ ಎರಡು ಸಾವಿರದ ಎರಡು, ಯುಗಾದಿ ಮುಗಿದು ವಾರವಾಗಿತ್ತು. ಡಬ್ಬಿಯಲ್ಲಿ ಕಳೆದ ಪಾಲನ್ನೂ ತುಂಬಿಸಿ ವಿಮೆಯ ಗಂಟು ಪೂರ್ತಿಯಾಗಿತ್ತು, ಸ್ಕೂಲಿನದು ಇನ್ನೊಂದೇ ಪಾಲು ಬಾಕಿ. ಮದುವೆಯಾದ ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ಒಂದು ದೊಡ್ಡ ಖರ್ಚಿನ ದಿನವನ್ನು ಹೆದರದೆ ಎದುರು ನೋಡುತ್ತಿದ್ದಳು. ಆಗ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಬೀರಯ್ಯ ಸ್ಟೀರಿಂಗ್ ಮೇಲೆ ಹಾಗೇ ಒರಗಿಬಿಟ್ಟ. ನಂಜಪ್ಪ ಪ್ಯಾಸೆಂಜರುಗಳನ್ನು ಇಳಿಸಿ, ಸಿಕ್ಕಿದ ಜೀಪಿನಲ್ಲಿ ಹಾಕಿಕೊಂಡು ಹಾಸನದ ದೊಡ್ಡಾಸ್ಪತ್ರೆಗೆ ಒಯ್ದ. ಹೃದಯಾಘಾತ ಎಂದರು. ಜೀವ ಉಳಿಯಿತು. ಸ್ಟೀರಿಂಗ್ ಮಾತ್ರ ಇನ್ನು ಆರು ತಿಂಗಳು ಮುಟ್ಟಕೂಡದು, ಆಮೇಲೂ ನೋಡಿ ಹೇಳುತ್ತೇವೆ ಎಂದರು.

ಔಷಧಿಗೆ ದುಡ್ಡು ಬೇಕಾದಾಗ ಅವಳು ಮನೆಗೆ ಬಂದು ಹಬ್ಬದ ಗಂಟು ಬಿಚ್ಚಿದಳು. ಹಬ್ಬ ಬಿಟ್ಟರೆ ಯಾರೂ ಸಾಯುವುದಿಲ್ಲ, ಹಾಗಾಗಿ ಮೊದಲು ಅದು. ಯುಗಾದಿ ಕಳೆದು ಅದರಲ್ಲಿ ಉಳಿದಿದ್ದ ಆರುನೂರನ್ನು ಎಣಿಸಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಮುದ್ದಮ್ಮ ನಿಂತಿದ್ದಳು. ಮುದುಕಿಯ ಮುಖದ ಬಣ್ಣವೇ ಹೋಗಿತ್ತು. ಆತುರದಲ್ಲಿದ್ದ ಕೆಂಪಲಕ್ಷ್ಮಮ್ಮ ಸೆರಗಿಗೆ ದುಡ್ಡು ಕಟ್ಟಿಕೊಂಡು ಬಸ್ಸಿಗೆ ಓಡಿದಳು.

ವಿಮೆಯ ಕಂತಿನ ದಿನ ಏಪ್ರಿಲ್ ಇಪ್ಪತ್ತೆಂಟು. ಅವತ್ತು ಅವಳು ಆಸ್ಪತ್ರೆಯಲ್ಲಿದ್ದಳು. ನೋಡಲು ಬಂದ ಉಮಾಶಂಕರ್ ಗಾಬರಿ ಬೇಡ, ಇನ್ನೊಂದು ತಿಂಗಳು ಬಡ್ಡಿಯಿಲ್ಲದೆ ಗಡುವು ಇರುತ್ತದೆ ಎಂದ. ಆ ಗಡುವು ದಾಟಿದರೆ ಏನು ಎಂಬುದನ್ನೂ ಆಸ್ಪತ್ರೆಯ ಹೊರಗೆ ಕರೆದು ಮೆಲ್ಲಗೆ ಹೇಳಿದ. ಪಾಲಿಸಿ ನಿಂತುಹೋಗುತ್ತದೆ. ಮೂರು ವರ್ಷದ ಕಂತು ಕಟ್ಟಿದ್ದರೆ ಏನಾದರೂ ಕೈಗೆ ಬರುತ್ತಿತ್ತು, ಇವರು ಕಟ್ಟಿದ್ದು ಎರಡೇ, ಅಷ್ಟೂ ಹೋಯಿತು. ಆಮೇಲೆ ಚಾಲೂ ಮಾಡಿಸಲು ಅವಕಾಶವಿದೆ, ಆದರೆ ಆರೋಗ್ಯವಾಗಿದ್ದೇನೆ ಎಂದು ಬರೆದುಕೊಡಬೇಕು, ಡಾಕ್ಟರ ಪರೀಕ್ಷೆ ಕೇಳುತ್ತಾರೆ. "ಇವ್ರ ಎದೆ ಹೀಗಾದ ಮೇಲೆ ಒಪ್ಪೋದು ಕಷ್ಟ ಕಣಮ್ಮ. ಹೊಸ ಪಾಲಿಸಿಯಂತೂ ಯಾರೂ ಕೊಡಲ್ಲ. ಇದೊಂದನ್ನ ಬಿಡಬೇಡಿ" ಎಂದ.

ಅವಳೇಕೆ ಬಿಟ್ಟಾಳು? ಗಂಡ ಹೋದರೆ ವಿಮೆಯಿಂದ ಐವತ್ತು ಸಾವಿರ ಬರುತ್ತದೆ ಎಂದು ಯೋಚಿಸುವುದೇ ಪಾಪವೆನಿಸುತ್ತಿತ್ತು. ಆದರೂ ಆ ಬೆಂಚಿನ ಮೇಲೆ ಕೂತು, ಕೊಬ್ಬರಿ ಆರಿಸುವ ಕೂಲಿಯಲ್ಲಿ ಮಗಳು ಮತ್ತು ಮುದುಕಿಯನ್ನು ಸಾಕುವುದನ್ನು ಅವಳು ಯೋಚಿಸಿಯೇ ಯೋಚಿಸಿದಳು. ಗಂಟು ತುಂಬಿದೆ, ಹೆದರಿಕೆಯಿಲ್ಲ. ಇನ್ನೊಂದು ಪರೀಕ್ಷೆ ಮಾಡಿಸಬೇಕಾದೀತು ಎಂದು ಡಾಕ್ಟರು ಅಂದಿದ್ದರು, ಹಾಗಾಗಿ ಕೈಯಲ್ಲಿರಲಿ ಎಂದು ಕಂತು ಕಟ್ಟುವುದನ್ನು ಗಡುವಿನ ಕೊನೆಗೆ ತಳ್ಳಿದಳು. ಪರೀಕ್ಷೆ ಬೇಕಾಗಲಿಲ್ಲ. ಗಂಡನನ್ನು ಮನೆಗೆ ಕರೆತಂದಳು. ಕೊನೆಯ ದಿನ ಮಂಗಳವಾರ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಪಟದ ಹಿಂದೆ ಕೈಹಾಕಿದಳು.

ಕೈಗೆ ಗೋಡೆ ಸಿಕ್ಕಿತು.

ಪಟ ಇಳಿಸಿದಳು. ಹಿಂದೆ ಜೇಡರ ಬಲೆ ಮಾತ್ರ ಇತ್ತು. ಮುದ್ದಮ್ಮ ಒಲೆಯ ಮುಂದೆ ಕೂತು ರಾಗಿ ಗಂಜಿ ತಿರುವುತ್ತಿದ್ದಳು. ಹಣೆಯಲ್ಲಿ ಹಿಂದಿನ ದಿನದ ವಿಭೂತಿ ಇನ್ನೂ ಇತ್ತು. ಭಾನುವಾರ ಹುಣ್ಣಿಮೆ. ಬೆಟ್ಟಕ್ಕೆ ಹೋಗಿ ಬರ್ತೀನಿ ಎಂದು ಮುದುಕಿ ಹೊರಟಾಗ ಕೆಂಪಲಕ್ಷ್ಮಮ್ಮನೇ ಬಸ್ ಚಾರ್ಜು ಕೊಟ್ಟು ಕಳಿಸಿದ್ದಳು.

"ಅತ್ತೆ, ಮುಡಿಪು ಎಲ್ಲಿ?"

"ಒಪ್ಪಿಸ್ಬುಟ್ಟೆ ಕಣೇ, ಎರಡೂನೂ" ಎಂದಳು ಮುದ್ದಮ್ಮ, ಸೌಟು ನಿಲ್ಲಿಸದೆ. "ಗಂಟು ಬಿಚ್ಚಲಿಲ್ಲ, ಹಂಗೇ ಹುಂಡೀಗೆ ಹಾಕ್ದೆ. ನೀನು ಒಂದ ಬಿಚ್ಚಿ ಔಷ್ದಿಗೆ ಹಾಕ್ದಾಗ್ಲೇ ನನ್ನ ಎದೆ ಧಸಕ್ ಅಂತು. ವರ್ಷ ಆಯ್ತು ಹರಕೆ ಹೊತ್ತು. ದೇವ್ರದ್ದು ಇಟ್ಕಂಡು ಕೂತ್ರೆ ನನ್ನ ಮಗ ಉಳೀತಾನಾ?"

ಕೆಂಪಲಕ್ಷ್ಮಮ್ಮನಿಗೆ ಕಿರುಚಬೇಕೆನಿಸಿತು. ಒಳಕೋಣೆಯಲ್ಲಿ ಗಂಡ ಮಲಗಿದ್ದ. ಗಾಬರಿಯಾಗುವ ಮಾತು ಅವನ ಕಿವಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿಂದೊಮ್ಮೆ ನಗು ತಡೆಯಲು ಒತ್ತಿಕೊಂಡ ಸೆರಗೇ ಅದು.

ಎದ್ದವಳೇ ಬೆಟ್ಟಕ್ಕೆ ಹೋದಳು. ಪೂಜಾರಿ ಒಳ್ಳೆಯವನು, ಅವಳು ಹೇಳಿದ್ದನ್ನೆಲ್ಲ ಕೇಳಿದ. ನಿನ್ನೆಯ ಜನದಲ್ಲಿ ಯಾರ್ಯಾರ ಗಂಟೋ ಬಿದ್ದಿವೆ, ಹುಂಡಿಗೆ ಸರ್ಕಾರದ ಸೀಲು ಇದೆ, ತಾಲ್ಲೂಕು ಕಚೇರಿಯವರು ಬಂದು ಎಲ್ಲರ ಎದುರು ಒಡೆದು ಎಣಿಸಬೇಕು, ಅದೂ ಶ್ರಾವಣಕ್ಕೆ ಮುಂಚೆ ಇಲ್ಲ ಎಂದ. ಒಡೆದರೂ ಒಳಗೆ ಬಿದ್ದದ್ದು ದೇವರದು ತಾಯಿ, ಇದು ನಂದು ಅಂತ ಹೆಂಗೆ ಕೊಡೋದು ಎಂದ. ಬಟ್ಟಲಡಿಕೆ ಇರುವ ಗಂಟು ನನ್ನದು ಎಂದಳು. ಅವನಿಗೆ ಅಯ್ಯೋ ಎನಿಸಿರಬೇಕು, ಒಂದು ಬಾಳೆಹಣ್ಣು ಕೈಗಿಟ್ಟ. ಹುಂಡಿಯ ಕಬ್ಬಿಣದ ಮೇಲೆ ಹಣೆಯಿಟ್ಟು ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ಹಿಂದಿದ್ದವರು ಎಂಥಾ ಭಕ್ತಿ ಎಂದುಕೊಂಡು ದಾರಿ ಬಿಟ್ಟು ನಿಂತರು.

ಅಲ್ಲಿಂದ ಇಳಿದು ಮಂಡಿಗೆ. ಮೇಸ್ತ್ರಿ ತಿಮ್ಮಯ್ಯ, ಗಂಡನ ಆಸ್ಪತ್ರೆಗೆ ಕೊಟ್ಟ ಮುಂಗಡವೇ ತೀರಿಲ್ಲವಲ್ಲಮ್ಮ ಎಂದ. ನಿಜವೇ. ಬಸ್ಸಿನ ಮಾಲೀಕ ಹೊಸ ಡ್ರೈವರನ್ನು ಹಾಕಿಕೊಂಡಾಗಿತ್ತು, ಅವಳ ಮುಖ ನೋಡದೆ ಇನ್ನೂರು ಕೊಟ್ಟು ಕಳಿಸಿದ. ನಂಜಪ್ಪನ ಹತ್ತಿರ ಇದ್ದದ್ದು ನೂರು. ಲಕ್ಕಪ್ಪ ಅಡವಿಗೆ ಏನಿದೆ ಎಂದು ಕೇಳಿದ. ಅವಳು ತಾಳಿಯ ಕಡೆ ಕೈ ಒಯ್ದಳು. ಆದರೆ ಆ ತಾಳಿಯಲ್ಲಿದ್ದ ಚಿನ್ನ ಎರಡು ಗುಂಡಿನಷ್ಟು, ಮಿಕ್ಕದ್ದು ಅರಿಸಿನ ದಾರ. ಲಕ್ಕಪ್ಪನೂ ಮನುಷ್ಯನೇ, ಹೋಗಮ್ಮ ಹೋಗು ಎಂದು ಬೇರೆ ಕಡೆ ತಿರುಗಿದ. ಊರೆಲ್ಲ ಸುತ್ತಿ ಕೈಯಲ್ಲಿ ಸೇರಿದ್ದು ಮುನ್ನೂರು ರೂಪಾಯಿ, ಒಂದು ಬಾಳೆಹಣ್ಣು. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಹೋಗುವಷ್ಟು ಹೊತ್ತು ಅವಳು ಅಲ್ಲಿ ನಿಂತು ಬಾಯಿಬಿಟ್ಟು ಅತ್ತಳು. ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮುದ್ದಮ್ಮನನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಬಯ್ಯಬೇಕೆಂದೇ ಕರೆದದ್ದು. ವರ್ಷವೆಲ್ಲ ಹೊಟ್ಟೆ ಕಟ್ಟಿ ಕೂಡಿಸಿದ್ದನ್ನು ಒಂದೇ ಗಳಿಗೆಯಲ್ಲಿ ಕಬ್ಬಿಣದ ಡಬ್ಬಕ್ಕೆ ಸುರಿದು ಬಂದವಳನ್ನು ಸುಮ್ಮನೆ ಬಿಡಬಾರದು ಎಂದುಕೊಂಡಿದ್ದಳು. ಮುದುಕಿ ಕೂತು, ಒಡೆದ ಪಾದಗಳನ್ನು ಒಂದರ ಮೇಲೊಂದು ಉಜ್ಜಿಕೊಂಡಳು. ಎಪ್ಪತ್ತರ ಹತ್ತಿರದ ಮುದುಕಿ ಮಂಡಿನೋವಿನಲ್ಲಿ ಅಷ್ಟು ಮೆಟ್ಟಿಲು ಹತ್ತಿದ್ದು ಯಾರಿಗಾಗಿ ಎಂಬುದು ಆಗ ಹೊಳೆದು, ಅವಳು ಬಯ್ಯುವುದನ್ನು ಬಿಟ್ಟು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಅತ್ತೆ, ಅದು ಮುಡಿಪಲ್ಲ. ಹರಕೇನೇ ಹೊತ್ತಿರಲಿಲ್ಲ ನಾನು. ನಾ ಹೇಳಿದ್ದು ಸುಳ್ಳು."

ಮುದ್ದಮ್ಮನಿಗೆ ಅರ್ಥವಾಗಲಿಲ್ಲ. ಕೆಂಪಲಕ್ಷ್ಮಮ್ಮ ಎಲ್ಲವನ್ನೂ ಹೇಳಿದಳು. ಡಬ್ಬಿ ಬರಿದಾದದ್ದು, ಗಂಡ ಮುಟ್ಟದಿರಲಿ ಎಂದು ಅರಿಸಿನ ಹಚ್ಚಿದ್ದು, ಒಂದು ಗಂಟು ಮೊಮ್ಮಗಳ ಓದಿಗೆ, ಇನ್ನೊಂದು ಮಗನ ವಿಮೆಗೆ ಎಂಬುದು, ನಾಳೆಗೆ ಗಡುವು ಮುಗಿಯುವುದು. ವಿಮೆ ಎಂದರೇನು ಎಂದು ಮುದುಕಿ ಕೇಳಿದಳು. ಅದನ್ನು ತಾಯಿಗೆ ಹೇಗೆ ಹೇಳುವುದು? ಹೇಳಲೇಬೇಕಾಯಿತು. ನಿಮ್ಮ ಮಗನಿಗೆ ಏನಾದ್ರೂ ಆದ್ರೆ ನಾನು, ಭವ್ಯಾ, ನೀವು ಬೀದಿಗೆ ಬೀಳದ ಹಾಗೆ ಕೊಡೋ ದುಡ್ಡು ಎಂದಳು.

ಮುದ್ದಮ್ಮ ಕಲ್ಲಿಗೆ ಅಂಟಿದ್ದ ಸೋಪಿನ ಚೂರನ್ನು ಉಗುರಿನಿಂದ ಕೆರೆದಳು. ಆಮೇಲೆ, "ನಂಗೆ ಹೇಳಿದ್ರೆ ನಾನೇ ಕಾಯ್ತಿದ್ನಲ್ಲೇ" ಎಂದಳು.

ಅಷ್ಟೇ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ದುಡ್ಡನ್ನು ಗಂಡನಿಂದ ಕಾಯಲು ದೇವರ ತನಕ ಹೋದವಳಿಗೆ, ಮನೆಯಲ್ಲೇ ದಿನವಿಡೀ ಕೂತಿರುವ ಮುದುಕಿಯ ನೆನಪಾಗಿರಲಿಲ್ಲ.

ಬೆಳಿಗ್ಗೆ ಏಳುವಷ್ಟರಲ್ಲಿ ಮುದ್ದಮ್ಮ ಒಗೆದ ಸೀರೆಯುಟ್ಟು ಬಾಗಿಲಲ್ಲಿ ಕೂತಿದ್ದಳು. ಬಾಣಾವರಕ್ಕೆ ಹೋಗ್ಬೇಕು, ನಡಿ ಎಂದಳು. ಬಾಣಾವರದಲ್ಲಿ ಅವಳ ತಂಗಿ ಬಸಮ್ಮ ಇದ್ದಾಳೆ. ಆ ಬಡವಿಯ ಬಳಿ ಏನು ಸಿಕ್ಕೀತು ಎಂದು ಸೊಸೆ ಕೇಳುವಷ್ಟರಲ್ಲಿ ಮುದುಕಿ ಅಂಗಳಕ್ಕೆ ಇಳಿದಿದ್ದಳು. ಭವ್ಯಾಳನ್ನು ಅಪ್ಪನ ಬಳಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದರು. ಅರಸೀಕೆರೆಯ ವಿಮೆ ಆಫೀಸಿನಲ್ಲಿ ಕಂತಿನ ಕೌಂಟರು ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಬಸ್ಸು ಒಂದೊಂದು ಕೈಗೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಕೆಂಪಲಕ್ಷ್ಮಮ್ಮ ಮುಂದಿನ ಸೀಟಿನ ಕಂಬಿಯನ್ನು ಹಿಸುಕುತ್ತಿದ್ದಳು.

ಬಸಮ್ಮ ಅಕ್ಕನ ಮುಖ ನೋಡಿದವಳೇ ಏನೂ ಕೇಳದೆ ಒಳಗೆ ಹೋಗಿ, ಭತ್ತದ ಪೆಟ್ಟಿಗೆಯ ತಳದಿಂದ ಒಂದು ಬಿಳಿ ಬಟ್ಟೆಯ ಗಂಟು ತಂದಳು. ಕೊಡಲು ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು. ಇದನ್ನ ಕೊಟ್ರೆ ನಿಂಗೆ ಏನೈತಕ್ಕ ಎಂದು ಅವಳ ಕಣ್ಣು ತುಂಬಿತು. ಮುದ್ದಮ್ಮ ಕೊಡೇ ಎಂದು ಕಿತ್ತುಕೊಂಡಳು.

ಗಂಟಿನ ತುಂಬ ಹತ್ತು, ಇಪ್ಪತ್ತರ ಹಳೆಯ ನೋಟುಗಳು. ಮುದ್ದಮ್ಮ ತನ್ನ ಗಂಡ ಸತ್ತ ಮೇಲೆ ಬರುತ್ತಿದ್ದ ವಿಧವಾ ವೇತನದಲ್ಲಿ ತಿಂಗಳಿಗೆ ಇಪ್ಪತ್ತರ ಹಾಗೆ ಎತ್ತಿಟ್ಟು, ಮಗನ ಕೈಗೆ ಸಿಗದಿರಲಿ ಎಂದು ತಂಗಿಯ ಬಳಿ ಇರಿಸಿದ್ದ ದುಡ್ಡು. ಅವಳ ಮಣ್ಣಿನ ಖರ್ಚಿಗೆ, ಮೂರನೇ ದಿನಕ್ಕೆ, ತಿಥಿಯ ಊಟಕ್ಕೆ. ಸತ್ತಾಗ ಮಗ ಯಾರ ಮುಂದೆಯೂ ಕೈಯೊಡ್ಡಬಾರದೆಂದು ಮುದುಕಿ ಹೂಡಿದ್ದ ಲೆಕ್ಕ. ಯಾವ ಏಜೆಂಟೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಎಣಿಸಿದರೆ ಎರಡು ಸಾವಿರದ ನಾನೂರು. ಸೊಸೆಯ ಸೆರಗಿನ ಮುನ್ನೂರು ಸೇರಿದರೆ ಕಂತಿಗೆ ಸಾಕು. ಸ್ಕೂಲಿಗೆ ಏನೂ ಇಲ್ಲ. ಭವ್ಯಾ ಈ ವರ್ಷ ಸರ್ಕಾರಿ ಹೈಸ್ಕೂಲಿಗೆ ಎಂಬುದು ಆ ಜಗುಲಿಯ ಮೇಲೆಯೇ, ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಯಿತು.

ಬೇಡ ಅತ್ತೆ ಎಂದು ಕೆಂಪಲಕ್ಷ್ಮಮ್ಮ ಒಮ್ಮೆ ಅಂದಳು. ಅಂದದ್ದೇ ಹೊರತು ಕೈಯಲ್ಲಿದ್ದ ನೋಟುಗಳನ್ನು ಬಿಡಲಿಲ್ಲ. ಅದಕ್ಕಾಗಿ ಅವಳನ್ನು ಯಾರೂ ದೂರಬೇಡಿ, ಅವಳೇ ತನ್ನನ್ನು ದೂರಿಕೊಂಡದ್ದು ಸಾಕು.

ಅರಸೀಕೆರೆಗೆ ವಾಪಸ್ಸಾಗಿ ಕೌಂಟರಿನ ಕಿಟಕಿಗೆ ಬಂದಾಗ ಒಳಗಿದ್ದವರು ಎದ್ದು ನಿಲ್ಲುವುದರಲ್ಲಿದ್ದರು. ಇವಳ ಏದುಸಿರು ನೋಡಿ ಮತ್ತೆ ಕೂತು, ಆ ಮುದ್ದೆಯಾದ ನೋಟುಗಳನ್ನು ಒಂದೊಂದೇ ಬಿಡಿಸಿ ಎಣಿಸಿ ರಸೀದಿ ಕೊಟ್ಟರು. ಬಡ್ಡಿಯೂ ಇಲ್ಲ, ದಂಡವೂ ಇಲ್ಲ. ಉಳಿದ ಅರವತ್ತು ರೂಪಾಯಿ ಕೈಗೆ ಬಂತು. ಕೆಂಪಲಕ್ಷ್ಮಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮಗನ ಸಾವಿಗೆ ಈ ತಾಯಿ ತನ್ನ ಸಾವಿನ ದುಡ್ಡನ್ನು ಕಟ್ಟಿ ಬಂದಳಲ್ಲ ಎಂದು ಯೋಚಿಸಿದಾಗ ಅವಳಿಗೆ ಆ ರಸೀದಿ ಹಿಡಿಯುವುದೇ ಬೇಡವಾಯಿತು.

ಮುದ್ದಮ್ಮ ಪಕ್ಕದಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ಸುಣ್ಣ ಹಚ್ಚುತ್ತಾ ಕೇಳಿದಳು, ಇನ್ನು ತಿಂಗಳಿಗೆಷ್ಟು ಎತ್ತಿಡ್ತೀಯಾ ಅಂತ. ಇವಳು ಮೂಗು ಒರೆಸಿಕೊಂಡು ಹೇಳಿದಳು. ವಿಮೆಗೆ ಇನ್ನೂರ ಇಪ್ಪತ್ತು, ಅದನ್ನು ಬಿಡೋ ಹಾಗಿಲ್ಲ. ಸ್ಕೂಲಿಗೆ ಈ ವರ್ಷ ಐವತ್ತು ಸಾಕು. ಹಬ್ಬ ಇಲ್ಲ. ನನ್ನೊಬ್ಬಳ ಕೂಲೀಲಿ ಇಷ್ಟೇ ಆಗೋದು ಅತ್ತೆ. ಸ್ವಲ್ಪ ತಡೆದು, ನಿಮ್ಮದಕ್ಕೂ ತಿಂಗಳಿಗೆ ಇಪ್ಪತ್ತು ಕಟ್ತೀನಿ ಎಂದಳು. ಹೇಳುವಾಗಲೇ ಅವಳಿಗೆ ಲೆಕ್ಕ ಬಂದಿತ್ತು. ಇಪ್ಪತ್ತರ ಹಾಗೆ ಎರಡು ಸಾವಿರದ ನಾನೂರು ಆಗಲು ಹತ್ತು ವರ್ಷ ಬೇಕು. ಮುದುಕಿಗೂ ಆ ಲೆಕ್ಕ ಗೊತ್ತಿತ್ತು, ಕೂಡಿಸಿದವಳು ಅವಳೇ ತಾನೆ.

"ಯಾವ ದೇವ್ರ ಹೆಸ್ರು ಹೇಳ್ಲಿ ಅತ್ತೆ ಅದಕ್ಕೆ?"

ಮುದ್ದಮ್ಮ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

"ಯಾವ ದೇವ್ರೂ ಬ್ಯಾಡ. ಅರಿಸ್ನಾನೂ ಹಚ್ಬೇಡ. ಬಿಳೀ ಬಟ್ಟೇಲಿ ಕಟ್ಟಿ, ಮುದ್ದಮ್ಮನ ಮಣ್ಣಿಗೆ ಅಂತ್ಲೇ ಹೇಳು. ನನ್ನ ಮಗ ಮುಟ್ಟಾಕಿಲ್ಲ."

ಅವತ್ತು ಸಂಜೆ ಕೆಂಪಲಕ್ಷ್ಮಮ್ಮ ಉಳಿದಿದ್ದ ಅರವತ್ತನ್ನು ಆ ಬಿಳಿ ಬಟ್ಟೆಯಲ್ಲೇ ಕಟ್ಟಿ, ಪಟದ ಹಿಂದೆ ಅಲ್ಲ, ಅತ್ತೆ ಮಲಗುವ ಚಾಪೆಯ ತಲೆದೆಸೆಯಲ್ಲಿ ಗೂಟಕ್ಕೆ ತಗುಲಿಸಿದಳು. ಒಳಗಿನಿಂದ ಚಿಕ್ಕಬೀರಯ್ಯ ಅದೇನೇ ಅದು ಎಂದು ಕೇಳಿದ. ಅವಳು ಸುಳ್ಳು ಹೇಳಲಿಲ್ಲ, ಅತ್ತೆಯ ಮಣ್ಣಿನ ದುಡ್ಡು ಎಂದಳು. ಕೇಳಿದವನು ಗೋಡೆಯ ಕಡೆ ಹೊರಳಿ ಮಲಗಿದ.